ಕಣದ ಕೆಲಸ ಒಪ್ಪಿಸಿದ ಮೇಲೆ ಎಷ್ಟು ಸಲ ಹೋಗಿ ನೋಡಬೇಕು?

ಪ್ರಶ್ನೆ: ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ಈ ವರ್ಷ ಕೆಲಸದ ಉಸ್ತುವಾರಿ ನೋಡುವ ರೈಟರ್ ಆಗಿದ್ದೇನೆ. ನನ್ನ ಕೈಕೆಳಗೆ ನಾಲ್ಕು ಜನ. ಕಣ ನೋಡಿಕೊಳ್ಳಿ ಅಂತ ಒಬ್ಬರಿಗೆ ಹೇಳಿದ್ದೆ. ಅವರು ನನಗಿಂತ ಹಿರಿಯರು. ನೆರಳು ಬೀಳುವ ಮೂಲೆಯ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ತೊಳೆದ, ಒಳಸಿಪ್ಪೆ ಇರುವ ಕಾಫಿ ಬೀಜ, ಸರಿಯಾಗಿ ಒಣಗದೇ ಚೀಲಕ್ಕೆ ಹೋಯಿತು. ಮಾಲೀಕರು ನನ್ನನ್ನು ಬೈದರು. ಈಗ ಗಂಟೆಗೊಮ್ಮೆ ನಾನೇ ಹೋಗಿ ನೋಡುತ್ತೇನೆ. ಅದಕ್ಕೆ ಅವರು ಮುನಿಸಿಕೊಂಡಿದ್ದಾರೆ. ನನ್ನ ಉಳಿದ ಕೆಲಸವೂ ಹಾಳಾಗುತ್ತಿದೆ. ಏನು ಮಾಡಲಿ?
– ಓದುಗ, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ: ಮೊದಲು ನೀವು ಅವರಿಗೆ ಹೇಳಿದ ಮಾತನ್ನೇ ನೋಡೋಣ. 'ಕಣ ನೋಡಿಕೊಳ್ಳಿ' ಅಂದರೆ ಅವರಿಗೆ ಏನು ಅರ್ಥವಾಗಿರಬಹುದು? ಹರವಬೇಕು, ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಇಷ್ಟನ್ನು ಅವರು ಮಾಡಿಯೇ ಇರುತ್ತಾರೆ. ಆದರೆ ನಿಮಗೆ ಬೇಕಿದ್ದದ್ದು ಬೇರೆ. ಚೀಲ ಹೊಲಿಯುವ ಹೊತ್ತಿಗೆ ಪಾರ್ಚ್‌ಮೆಂಟ್‌ನ ತೇವಾಂಶ ಎಲ್ಲ ಕಡೆ ಒಂದೇ ಸಮ ಶೇ. 10ಕ್ಕೆ ಬಂದಿರಬೇಕು ಅನ್ನುವುದು ನಿಮ್ಮ ಮನಸ್ಸಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದಿರಾ?

ಹಾಗಾಗಿ ಮುಂದಿನ ಲಾಟ್ ಒಪ್ಪಿಸುವಾಗ ಕೆಲಸದ ಪಟ್ಟಿ ಕೊಡಬೇಡಿ. ಕೊನೆಗೆ ಏನು ಸಿಗಬೇಕು ಅಂತ ಹೇಳಿ. 'ಅಣ್ಣ, ಈ ಲಾಟ್ ಚೀಲಕ್ಕೆ ಹೋಗುವಾಗ ಐದು ಕಡೆಯಿಂದ ತೆಗೆದ ಮಾದರಿಯೂ ತೇವಾಂಶದ ಮೀಟರ್‌ನಲ್ಲಿ 10ರ ಆಸುಪಾಸು ತೋರಿಸಬೇಕು. ಹುಳಿ ವಾಸನೆ, ಬೂಷ್ಟು ವಾಸನೆ ಇರಬಾರದು. ನಿನ್ನೆಯ ಹಣ್ಣಿನ ಲಾಟ್ ಇದರ ಜತೆ ಬೆರೆಯಬಾರದು.' ಸಾಕು. ಯಾವ ಹೊತ್ತಿಗೆ ಕೈಯಾಡಿಸಬೇಕು, ಎಷ್ಟು ದಪ್ಪ ಹರವಬೇಕು ಅನ್ನುವುದು ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರಬಹುದು, ಅಲ್ವಾ?

ಯಾಕೆ 10 ಅನ್ನುವುದನ್ನೂ ಅವರಿಗೆ ಹೇಳಿ. ಶೇ. 10 ತೇವಾಂಶದ ಸಾವಿರ ಕೆ.ಜಿ. ಪಾರ್ಚ್‌ಮೆಂಟನ್ನು ಶೇ. 8ರವರೆಗೆ ಒಣಗಿಸಿದರೆ ತೂಕ ಸುಮಾರು 978 ಕೆ.ಜಿ.ಗೆ ಇಳಿಯುತ್ತದೆ. ಸುಮ್ನೆ 22 ಕೆ.ಜಿ. ಹೋದಂತೆ. ಕಡಿಮೆ ಒಣಗಿಸಿದರೆ ತೂಕ ಸಿಗುತ್ತದೆ, ಆದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ಬೀಜ ಬಣ್ಣಗೆಡುತ್ತದೆ. ಕಾರಣ ಗೊತ್ತಿದ್ದವರು ಮೋಡ ಕವಿದಾಗ, ಕಣ ತುಂಬಿದಾಗ, ನೀವು ಇಲ್ಲದಿದ್ದಾಗಲೂ ಸರಿಯಾಗಿ ಯೋಚಿಸಬಲ್ಲರು. ಬರೀ ಸೂಚನೆ ಕೇಳಿಸಿಕೊಂಡವರು ನೀವು ಬರುವವರೆಗೆ ಕಾಯುತ್ತಾರೆ.

ಹೇಳಿ ಮುಗಿದ ಮೇಲೆ 'ಅರ್ಥವಾಯ್ತಾ?' ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. 'ಈ ಲಾಟನ್ನು ಹೇಗೆ ಮಾಡಬೇಕು ಅಂದುಕೊಂಡಿದ್ದೀರಿ?' ಅಂತ ಕೇಳಿ. ಅವರು ಹೇಳುತ್ತಾ ಹೋದಂತೆ ನೆರಳಿನ ಮೂಲೆಯ ಮಾತು ಬರದಿದ್ದರೆ, ತಪ್ಪು ಆಗುವ ಮೊದಲೇ ನಿಮಗೆ ತಿಳಿಯುತ್ತದೆ.

ಇನ್ನು ಗಂಟೆಗೊಮ್ಮೆ ಹೋಗುವ ವಿಚಾರ. ಗಂಟೆಗೊಮ್ಮೆ ಹೋದರೂ ಆ ಮೂಲೆ ನಿಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಯಾಕೆಂದರೆ ನೀವು ಗಡಿಯಾರ ನೋಡಿ ಹೋಗುತ್ತಿದ್ದೀರಿ. ಕೆಲಸ ಎಲ್ಲಿ ಕೆಡಬಹುದು, ಕೆಟ್ಟರೂ ಎಲ್ಲಿಯವರೆಗೆ ಸರಿಪಡಿಸಬಹುದು ಅನ್ನುವುದನ್ನು ನೋಡಿ ಹೋಗಬೇಕು. ಅರೇಬಿಕಾ ಪಾರ್ಚ್‌ಮೆಂಟ್‌ಗೆ ಒಳ್ಳೆ ಬಿಸಿಲಿದ್ದರೆ ಏಳೆಂಟು ದಿನ ಬೇಕು, ಮೋಡವಿದ್ದರೆ ಇನ್ನೂ ಜಾಸ್ತಿ. ಅಷ್ಟೂ ದಿನಗಳಲ್ಲಿ ನೀವು ನಿಂತು ನೋಡಲೇಬೇಕಾದ ಜಾಗ ಮೂರೇ.

ತೊಳೆದು ಮುಗಿಸಿ ಕಣಕ್ಕೆ ಹರವುವ ಮುಂಚೆ ಒಂದು ಸಲ ಹೋಗಿ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿ. ಲೋಳೆ ಪೂರ್ತಿ ಹೋಗಿದ್ದರೆ ಜಾರುವುದಿಲ್ಲ, ಮರಳುಕಲ್ಲಿನ ಹಾಗೆ ಗರಗರ ಅನ್ನುತ್ತದೆ. ಜಾರಿದರೆ ಇನ್ನೊಮ್ಮೆ ತೊಳೆಸಬಹುದು. ಹರವಿದ ಮೇಲೆ ಆ ಅವಕಾಶ ಇಲ್ಲ.

ಎರಡನೆಯದು ನಡು ಹಂತ, ಸುಮಾರು ನಾಲ್ಕನೇ ದಿನ ಸಂಜೆ, ರಾಶಿ ಮಾಡುವ ಮುಂಚೆ. ನಿಮ್ಮ ಪ್ರಕರಣದಲ್ಲಿ ತಪ್ಪಿದ್ದು ಇದೇ. ಕಣದ ನಡುವಿನಿಂದ ಒಂದು ಹಿಡಿ, ನೆರಳಿನ ಮೂಲೆಯಿಂದ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ ಹಲ್ಲಿನಲ್ಲಿ ಒತ್ತಿ ನೋಡಿ. ಮೂಲೆಯದು ಮೆತ್ತಗಿದ್ದು ನಡುವಿನದು ಗಟ್ಟಿಯಾಗಿದ್ದರೆ, ಮೂಲೆಯದನ್ನು ಬಿಸಿಲಿಗೆ ಬದಲಿಸಲು ಇನ್ನೂ ಮೂರ್ನಾಲ್ಕು ದಿನ ಕೈಯಲ್ಲಿದೆ. ಆದರೆ ಬದಲಿಸುವುದನ್ನು ನೀವು ಮಾಡಬೇಡಿ. 'ಅಣ್ಣ, ಎರಡನ್ನೂ ಒತ್ತಿ ನೋಡಿ. ಏನು ಮಾಡೋಣ?' ಅಂತ ಕೇಳಿ, ಅವರ ತೀರ್ಮಾನ ಕೇಳಿಸಿಕೊಂಡು ಹೊರಡಿ.

ಮೂರನೆಯದು ಚೀಲ ತುಂಬುವ ದಿನ ಬೆಳಿಗ್ಗೆ. ಮೀಟರ್ ಪರೀಕ್ಷೆ ಅವರೇ ಮಾಡಲಿ, ನೀವು ಪಕ್ಕದಲ್ಲಿರಿ. ಬಿಸಿಲಿನಿಂದ ಆಗತಾನೇ ತೆಗೆದ ಬಿಸಿ ಬೀಜವನ್ನು ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ. ಮಾದರಿ ತಣ್ಣಗಾಗಿರಬೇಕು, ಅದಕ್ಕೇ ಬೆಳಿಗ್ಗೆ ಅಂದೆ. ನೆರಳಿನ ಮೂಲೆಯ ಮಾದರಿ ಆ ಐದರಲ್ಲಿ ಇರಲೇಬೇಕು.

ಈ ಮೂರು ಭೇಟಿಯನ್ನು ಮೊದಲೇ ಅವರಿಗೆ ಹೇಳಿಬಿಡಿ. ಅವರ ಮುನಿಸಿಗೆ ಮುಖ್ಯ ಕಾರಣ ನೀವು ನೋಡುವುದಲ್ಲ ಅಂತ ನನಗನಿಸುತ್ತದೆ. ಯಾವಾಗ ಬರುತ್ತೀರಿ, ಏನು ನೋಡುತ್ತೀರಿ ಅಂತ ಗೊತ್ತಿಲ್ಲದೇ ಇರುವುದು. ಹಿರಿಯರಿಗೆ ಅದು ಅನುಮಾನದ ಹಾಗೆ ಕಾಣುತ್ತದೆ.

ನಡುವೆ ಏನಾದರೂ ಆದರೆ? ಅದಕ್ಕೆ ಒಂದು ಗೆರೆ ಬೇಕು. ಮೋಡ ಕಂಡರೆ ರಾಶಿ ಮಾಡಿ ಟಾರ್ಪಾಲ್ ಮುಚ್ಚುವುದು, ಮೊದಲ ದಿನಗಳಲ್ಲಿ ಸುಡುಬಿಸಿಲಿಗೆ ಸಿಪ್ಪೆ ಬಿರಿಯದಂತೆ ಮಧ್ಯಾಹ್ನ ಮುಚ್ಚುವುದು, ಕಣದ ಆಳುಗಳನ್ನು ಹಂಚುವುದು ಅವರ ತೀರ್ಮಾನ. ನಿಮ್ಮನ್ನು ಕೇಳುವ ಅಗತ್ಯವಿಲ್ಲ. ಪಾರ್ಚ್‌ಮೆಂಟ್ ನೆನೆದರೆ, ರಾಶಿಯಲ್ಲಿ ಬಿಸಿ ಅಥವಾ ಹುಳಿ ವಾಸನೆ ಬಂದರೆ, ಎರಡು ಲಾಟ್ ಬೆರೆತರೆ ಮಾತ್ರ ಎಷ್ಟು ಹೊತ್ತಾದರೂ ಫೋನ್. ಅಂಥ ಫೋನ್ ಬಂದಾಗ ನಿಮ್ಮ ಮೊದಲ ಮಾತು ಬೈಗುಳವಾದರೆ ಎರಡನೇ ಫೋನ್ ಬರುವುದಿಲ್ಲ. ತಪ್ಪನ್ನು ರಾಶಿಯಡಿ ಮುಚ್ಚಿಡುತ್ತಾರೆ. ನಿಮಗೆ ಗೊತ್ತಾಗುವುದು ಚೀಲ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ.

ನಂಬಿಕೆ ಅನ್ನುವುದು ಕಣದಲ್ಲಿ ತೀರಾ ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ನೀವು ಹಾದುಹೋಗುವಾಗ ಕಣದ ಹೆಣ್ಣಾಳು 'ಇದನ್ನು ಮುಚ್ಚಲಾ?' ಅಂತ ಕೇಳಿದರೆ 'ಅಣ್ಣನನ್ನು ಕೇಳಿ' ಅನ್ನಿ. ನೀವು ಉತ್ತರ ಕೊಟ್ಟ ಆ ಕ್ಷಣಕ್ಕೆ ಕಣದ ಜವಾಬ್ದಾರಿ ನಿಮಗೇ ವಾಪಸ್ ಬಂತು. ಅವರ ಕೈಯಿಂದ ಕೋಲು ತೆಗೆದುಕೊಂಡು ನೀವೇ ಕೈಯಾಡಿಸಿದರೂ ಅಷ್ಟೇ. ತಿದ್ದುವುದಿದ್ದರೆ ಆಳುಗಳ ಎದುರು ಬೇಡ, ಪಲ್ಪರ್ ಮನೆಯ ಕಡೆ ಕರೆದು ಹೇಳಿ.

ಮಾಲೀಕರ ಮುಂದೆ ಮಾತ್ರ ಹೊಣೆ ನಿಮ್ಮದೇ. ಕೆಲಸ ಒಪ್ಪಿಸಬಹುದು, ಉತ್ತರ ಕೊಡುವ ಹೊಣೆ ಒಪ್ಪಿಸಲು ಬರುವುದಿಲ್ಲ. 'ಅವರು ಕೆಡಿಸಿದರು' ಅಂತ ಒಮ್ಮೆ ಹೇಳಿದರೆ ಆ ಮಾತು ಸಂಜೆಯೊಳಗೆ ಕಣಕ್ಕೆ ತಲುಪುತ್ತದೆ.

ಎರಡು ಮೂರು ಲಾಟ್ ಸರಿಯಾಗಿ ಬಂದರೆ ಮೊದಲನೇ ಭೇಟಿ ಬಿಡಿ. ಇನ್ನಷ್ಟು ಸರಿ ಹೋದರೆ ನಡುವಿನದನ್ನೂ ಅವರಿಗೇ ಬಿಟ್ಟು, ಮೀಟರ್ ಅಂಕಿ ಬರೆದ ಪುಸ್ತಕ ಮಾತ್ರ ನೋಡಿ. ಚೀಲದ ದಿನದ ಪರೀಕ್ಷೆಯನ್ನು ಈ ಕೊಯ್ಲು ಮುಗಿಯುವವರೆಗೆ ಬಿಡಬೇಡಿ. ಒಂದು ಲಾಟ್ ಕೆಟ್ಟರೆ ಎಲ್ಲವನ್ನೂ ವಾಪಸ್ ಕಿತ್ತುಕೊಳ್ಳಬೇಡಿ, ಕೆಟ್ಟ ಹಂತದ ಭೇಟಿಯನ್ನು ಮಾತ್ರ ಮತ್ತೆ ಶುರು ಮಾಡಿ.

ಹೊಸ ಲಾಟ್‌ಗೆ ಕಾಯದೇ ನಾಳೆಯೇ ಅವರ ಜತೆ ಕೂತು ಮಾತಾಡಿ. ಹೋದ ಸಲ ಏನು ಬೇಕು ಅಂತ ನಾನು ಬಿಡಿಸಿ ಹೇಳಿರಲಿಲ್ಲ ಅಂತ ನೀವೇ ಮೊದಲು ಹೇಳಿ. ಆಮೇಲೆ ಆ ನೆರಳಿನ ಮೂಲೆಗೆ ಏನು ಮಾಡಬಹುದು ಅಂತ ಅವರನ್ನೇ ಕೇಳಿ.