ನೀರಿನ ಲೋಟವಿಲ್ಲದೆ ಊಟಕ್ಕೆ ಕೂರದ ಯುವಕ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿರುವ ಈ ಪ್ರಕರಣ ಆಪ್ತಸಲಹೆಗಾರಳಾದ ನನ್ನ ಬಳಿಗೆ ಬಂದದ್ದು "ಊಟದ ಬಗ್ಗೆ ಆತಂಕ" ಎಂಬ ಹಣೆಪಟ್ಟಿಯೊಂದಿಗೆ. ಇದೇ ಹಣೆಪಟ್ಟಿ ಹೊತ್ತ ಇನ್ನೂ ಇಬ್ಬರನ್ನು ಆಮೇಲೆ ಕಂಡಿದ್ದರಿಂದ ಬರೆಯಬೇಕೆನಿಸಿತು. ಯುವಕನಿಗೆ 26 ವರ್ಷ. ಬಾಲ್ಯದಲ್ಲಿ ಉಬ್ಬಸವಿತ್ತು, ಈಗಲೂ ಧೂಳು ತಾಗಿದರೆ ಸೀನು ನಿಲ್ಲುವುದಿಲ್ಲ. ಮದುವೆಯ ಮಾತುಕತೆ ನಡೆದಿದ್ದರೂ ಬೀಗರ ಮನೆಯಲ್ಲಿ ಊಟಕ್ಕೆ ಕೂರಲು ಒಲ್ಲೆನೆನ್ನುತ್ತಿದ್ದ.

ಮೊದಲ ಎರಡು ಭೇಟಿಗಳನ್ನು ನಾನು ಉಸಿರಾಟದ ಅಭ್ಯಾಸದಲ್ಲಿ ಕಳೆದೆ. "ನುಂಗಲು ಕಷ್ಟವಾಗುತ್ತದೆಯೇ?" ಎಂದು ಕೇಳಿದ್ದೆ, ಇಲ್ಲವೆಂದಿದ್ದ. ಮೂರನೆಯ ಭೇಟಿಯಲ್ಲಿ ಪ್ರಶ್ನೆ ಬದಲಿಸಿ, ನಿನ್ನೆ ಮಧ್ಯಾಹ್ನದ ಊಟವನ್ನು ಮೊದಲ ತುತ್ತಿನಿಂದ ಕೊನೆಯವರೆಗೆ ಹೇಳಿ ಎಂದೆ. ಚಪಾತಿಯನ್ನು ಹೆಬ್ಬೆರಳ ಉಗುರಿನಷ್ಟು ಚೂರು ಮಾಡಿ ಸಾರಿನಲ್ಲಿ ನೆನೆಸಿದ್ದು, ತುತ್ತಿಗೊಂದು ಗುಟುಕು ನೀರು ಕುಡಿದದ್ದು, ಜೊತೆಯವರು ಕೈತೊಳೆದು ಹೋದ ಮೇಲೂ 20 ನಿಮಿಷ ಒಬ್ಬನೇ ಕೂತದ್ದು, ಎಲ್ಲವನ್ನೂ ಅವನು ದಿನಚರಿಯಂತೆ ಒಪ್ಪಿಸಿದ. ಮಾತ್ರೆ ಪುಡಿ ಮಾಡದೆ ನುಂಗಿ ಎಷ್ಟೋ ವರ್ಷವಾಗಿತ್ತು. ಮುದ್ದೆ ಉಣ್ಣುವ ಸೀಮೆಯವನಾದರೂ, ಅಗಿಯದೆ ನುಂಗಬೇಕಾದ ಮುದ್ದೆಯನ್ನು ಕಾಲೇಜಿನಲ್ಲೇ ಬಿಟ್ಟಿದ್ದ.

"ಇದು ತೊಂದರೆ ಅಲ್ಲ ಮೇಡಂ, ನಾನು ಊಟ ಮಾಡುವ ರೀತಿಯೇ ಹೀಗೆ" ಎಂದ.

ಪಕ್ಕದಲ್ಲಿದ್ದ ತಾಯಿ, "ಚಿಕ್ಕಂದಿನಿಂದಲೂ ಇವನು ನಿಧಾನ" ಎಂದು ಸೇರಿಸಿದರು. ಒಮ್ಮೆ ಮಾಂಸದ ತುಂಡು ಎದೆಯಲ್ಲಿ ನಿಂತು, ಎಂಜಲೂ ಇಳಿಯದೆ, ಆಸ್ಪತ್ರೆಯಲ್ಲಿ ಎಂಡೋಸ್ಕೋಪ್ ಇಳಿಸಿ ತೆಗೆಸಿಕೊಂಡದ್ದು ಆಗ ಹೊರಬಂತು. ಚೆನ್ನಾಗಿ ಅಗಿದು ತಿನ್ನಿ ಎಂದು ಹೇಳಿ ಕಳುಹಿಸಿದ್ದರಂತೆ. ಮರುವರ್ಷದ ಎಂಡೋಸ್ಕೋಪಿ ವರದಿಯಲ್ಲಿ "ನಾರ್ಮಲ್" ಎಂದಿತ್ತು. ಎರಡೂ ಸಲ ಪರೀಕ್ಷೆಗೆಂದು ಅನ್ನನಾಳದ ಒಳಪದರದ ಚೂರು, ಅಂದರೆ ಬಯಾಪ್ಸಿ, ತೆಗೆದಿರಲಿಲ್ಲ.

ಆತಂಕದಿಂದ ಗಂಟಲು ಕಟ್ಟಿದಂತೆ ಅನಿಸುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಗಂಟು ಕಾಡುವುದು ಸಾಮಾನ್ಯವಾಗಿ ಊಟದ ನಡುವಿನ ಹೊತ್ತಿನಲ್ಲಿ, ಉಣ್ಣುವಾಗ ಎಷ್ಟೋ ಸಲ ಹಗುರವೇ ಆಗುತ್ತದೆ. ಇವನಿಗೆ ದ್ರವ ಸಲೀಸಾಗಿ ಇಳಿಯುತ್ತಿತ್ತು, ಗಟ್ಟಿ ಆಹಾರ ಮಾತ್ರ ನಿಲ್ಲುತ್ತಿತ್ತು. ಅಲರ್ಜಿಯ ಹಿನ್ನೆಲೆಯ ಯುವಜನರಲ್ಲಿ, ಅದರಲ್ಲೂ ಗಂಡಸರಲ್ಲಿ, ಹೀಗಾದರೆ ಮೊದಲು ನೆನಪಾಗಬೇಕಾದದ್ದು ಇಯೊಸಿನೊಫಿಲಿಕ್ ಈಸೊಫೇಜೈಟಿಸ್. ಅಲರ್ಜಿಯಲ್ಲಿ ಪಾಲ್ಗೊಳ್ಳುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದ ಒಳಪದರಕ್ಕೆ ನುಗ್ಗಿ ಉರಿಯೂತ ಮಾಡುತ್ತವೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ನಾಳ ಗಡುಸಾಗಿ ಕಿರಿದಾಗಬಹುದು.

ಜಠರ-ಕರುಳಿನ ತಜ್ಞರಿಗೆ ಪತ್ರ ಬರೆದು, ಮೇಲಿನ ವಿವರಗಳ ಜೊತೆ "ನೋಟಕ್ಕೆ ಸರಿಯಿದ್ದರೂ ಬಯಾಪ್ಸಿ ಪರಿಗಣಿಸಬಹುದೇ" ಎಂದು ಕೇಳಿದೆ. ಆಪ್ತಸಲಹೆಗಾರರು ಬಯಾಪ್ಸಿ ಕೇಳುವುದು ಅತಿಯಾಯಿತೆಂದು ಸಹೋದ್ಯೋಗಿಯೊಬ್ಬರು ಅಂದರು. ನಾನು ರೋಗನಿರ್ಣಯ ಮಾಡಲಿಲ್ಲ. ಆದರೆ ನಾಳದಲ್ಲಿ ತುತ್ತು ನಿಜಕ್ಕೂ ಸಿಕ್ಕಿಕೊಳ್ಳುವವನಿಗೆ ಹೆದರದೆ ನುಂಗುವ ಅಭ್ಯಾಸ ಮಾಡಿಸುವುದು ಅಪಾಯವೆಂದು ತಿಳಿದ ಮೇಲೂ ಸುಮ್ಮನಿರುವುದು ನನ್ನಿಂದಾಗದು. ಎರಡು ಭೇಟಿಯನ್ನು ಆತಂಕವೆಂದೇ ಕಳೆದಿದ್ದೆನಲ್ಲ.

ಈ ರೋಗದಲ್ಲಿ ನಾಳದ ಗೋಡೆಯ ಮೇಲೆ ಉಂಗುರಗಳು, ಉದ್ದದ ಗೀರುಗಳು, ಬಿಳಿ ಚುಕ್ಕೆಗಳು ಕಾಣಬಹುದು. ಕೆಲವರಲ್ಲಿ ಏನೂ ಕಾಣುವುದಿಲ್ಲ. ಕಣಗಳು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ನಾಳದ ಕೆಳಭಾಗದಿಂದಲೂ ಮೇಲಿನ ಅಥವಾ ನಡುವಿನ ಭಾಗದಿಂದಲೂ ಒಟ್ಟು ಕನಿಷ್ಠ 6 ಚೂರು ತೆಗೆಯಬೇಕು. ಸೂಕ್ಷ್ಮದರ್ಶಕದಲ್ಲಿ ಬಹಳ ಹಿಗ್ಗಿಸಿ ನೋಡಿದಾಗ ಒಮ್ಮೆಗೆ ಕಾಣುವಷ್ಟು ಜಾಗದಲ್ಲಿ, ಅಂದರೆ ಒಂದು ಹೈ-ಪವರ್ ಕ್ಷೇತ್ರದಲ್ಲಿ, 15 ಅಥವಾ ಹೆಚ್ಚು ಇಯೊಸಿನೊಫಿಲ್ ಕಂಡು, ರೋಗಲಕ್ಷಣಗಳೂ ಇದ್ದು, ಬೇರೆ ಕಾರಣಗಳು ಇಲ್ಲವೆಂದಾದರೆ ನಿರ್ಣಯ. ಇವನ ಕೆಳಭಾಗದ ಚೂರುಗಳಲ್ಲಿ ಗರಿಷ್ಠ 9 ಇತ್ತು, ನಡುಭಾಗದಲ್ಲಿ 38. ಕೆಳಗಿನದನ್ನಷ್ಟೇ ತೆಗೆದಿದ್ದರೆ ಮೂರನೆಯ ಸಲವೂ "ನಾರ್ಮಲ್" ಆಗುತ್ತಿತ್ತೇನೋ.

ಪರೀಕ್ಷೆಗೆ ಮುನ್ನ ಮನೆಯವರಿಗೆ ಎರಡು ಮಾತು ಹೇಳಿದ್ದೆ. ಅಂಗಡಿಯಿಂದ ತಂದು ನುಂಗುವ ಅಸಿಡಿಟಿ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮುಚ್ಚಿಡಬೇಡಿ, ಏಕೆಂದರೆ ಪ್ಯಾಂಟೊಪ್ರಜೋಲ್‌ನಂಥವು ಕೆಲವರಲ್ಲಿ ಈ ಉರಿಯೂತವನ್ನೇ ತಗ್ಗಿಸಿ ಎಣಿಕೆಯನ್ನು ಮರೆಸುತ್ತವೆ. ಚರ್ಮದ ಅಲರ್ಜಿ ಪರೀಕ್ಷೆ ನೋಡಿ ಹಾಲು, ಗೋಧಿ ಬಿಡಿಸಬೇಡಿ, ಅದು ಈ ರೋಗವನ್ನೂ ಹೇಳುವುದಿಲ್ಲ, ಯಾವ ಆಹಾರ ಕಾರಣವೆಂಬುದನ್ನೂ ನಂಬುವಂತೆ ಹೇಳುವುದಿಲ್ಲ. ತುತ್ತು ನಿಂತು ಎಂಜಲೂ ಇಳಿಯದಿದ್ದರೆ ನೀರು ಕುಡಿದಾಗಲಿ ಅನ್ನದುಂಡೆ ನುಂಗಿಯಾಗಲಿ ತಳ್ಳಲು ಹೋಗದೆ ತುರ್ತು ವಿಭಾಗಕ್ಕೆ ಹೋಗಬೇಕೆಂಬುದನ್ನು ಬರೆದೇ ಕೊಟ್ಟೆ.

ವೈದ್ಯರು ಬುಡೆಸೊನೈಡ್ ಎಂಬ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧವನ್ನು ನುಂಗಲು ಕೊಟ್ಟರು. 12 ವಾರಗಳ ನಂತರದ ಬಯಾಪ್ಸಿಯಲ್ಲಿ ಎಣಿಕೆ 4ಕ್ಕೆ ಇಳಿದಿತ್ತು. ಈಗ ಚಪಾತಿ ನೆನೆಸದೆ ತಿನ್ನುತ್ತಾನೆ. ವೈದ್ಯರು ಅಡ್ಡಿಯಿಲ್ಲವೆಂದರೂ ಮುದ್ದೆಯನ್ನಿನ್ನೂ ಮುಟ್ಟಿಲ್ಲ. ಉಳಿದಿರುವ ಆ ಭಯಕ್ಕಾಗಿ ತಿಂಗಳಿಗೊಮ್ಮೆ ಬರುತ್ತಾನೆ.