ಚರಣದಲ್ಲಿ ಕಥೆ ಎಲ್ಲಿ ನಿಲ್ಲಬೇಕು?

"ಕಾಸರಗೋಡಿನ ರಾತ್ರಿ ಟ್ಯಾಕ್ಸಿ ಡ್ರೈವರ್ ದನಿಯಲ್ಲಿ ಹಾಡು ಬರೀತಿದ್ದೇನೆ. ಪ್ರಯಾಣಿಕರ ಕಥೆ ಚರಣದಲ್ಲಿ ಹಿಡಿಸ್ತಿಲ್ಲ, ಏನ್ಮಾಡ್ಲಿ?"

ಕಥೆ ಪೂರ್ತಿ ಹೇಳಬೇಡಿ. ಡ್ರೈವರಿಗೆ ಅದು ಪೂರ್ತಿ ಸಿಗುವುದೇ ಇಲ್ಲ ಅಲ್ವಾ? ಕಿವಿಗೆ ಬೀಳುವುದು ಫೋನಿನ ಒಂದು ಕಡೆಯ ಮಾತು, ಕಾಣುವುದು ಕನ್ನಡಿಯಲ್ಲಿ ಅರ್ಧ ಮುಖ. ಒಂದು ಚರಣಕ್ಕೆ ಒಬ್ಬರೇ ಸಾಕು. ಅವರು ಇಳಿದಲ್ಲಿ ಚರಣ ನಿಲ್ಲಲಿ. ಕಾಸರಗೋಡು ಸ್ಟೇಷನ್ನಿನಲ್ಲಿ ಹತ್ತಿದವರು ಅಂತ ಇಟ್ಟುಕೊಳ್ಳಿ:

ಕನ್ನಡಿಯೊಳಗಿನ ಕಣ್ಣಲಿ ನೀರು
ಕುಂಬಳೆ ಬಂದಿತು, ‘ಇಲ್ಲೇ’ ಎಂದರು

ಇಲ್ಲಿ ನಾಲ್ಕು ಮಾತ್ರೆಯ ಗಣಗಳಿವೆ. ‘ನೀರು’ ಮಾತ್ರ ಮೂರು, ಹಾಡುವಾಗ ಎಳೆದರೆ ಸರಿಹೋಗುತ್ತದೆ. ಅತ್ತದ್ದು ಯಾಕೆ ಅಂತ ಸೇರಿಸಿದರೆ ದನಿ ಡ್ರೈವರದ್ದಾಗಿ ಉಳಿಯುವುದಿಲ್ಲ, ಕವಿಯದಾಗುತ್ತದೆ. ಪಲ್ಲವಿಗೆ ಅವನು ಎಲ್ಲರನ್ನೂ ಕೇಳುವ ‘ಎಲ್ಲಿಗೆ?’ ಅನ್ನೋ ಪ್ರಶ್ನೆಯನ್ನೇ ಇಡಿ. ಪ್ರತಿ ಚರಣ ಮುಗಿದ ಮೇಲೆ ಅದರ ಅರ್ಥ ತಾನಾಗಿ ಬದಲಾಗುತ್ತದೆ.