ಬಂಡವಾಳವಿಲ್ಲದೆ ವಾರಾಂತ್ಯದಲ್ಲಿ ಏನು ದುಡಿಯಬಹುದು?

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ಕೈಯಲ್ಲಿ ಕಾಸಿಲ್ಲ, ಓದಿನ ಮಧ್ಯೆ ಸಮಯವೂ ಕಮ್ಮಿ. ಶನಿವಾರ, ಭಾನುವಾರ ಮಾತ್ರ ಮಾಡುವಂಥ ಕೆಲಸ ಇದೆಯೇ?

ಉತ್ತರ: ಮದುವೆ ಊಟ ಬಡಿಸುವ ಕೆಲಸಕ್ಕೆ ಹೋಗಿ. ಇದಕ್ಕೆ ವಾರದ ದಿನಗಳಲ್ಲಿ ತಯಾರಿ ಬೇಕಿಲ್ಲ. ಟ್ಯೂಷನ್ ಆದರೆ ಪಾಠ ಓದಿಕೊಂಡು ಹೋಗಬೇಕು, ಅಲ್ವಾ?

ಹತ್ತಿರದ ಕಲ್ಯಾಣ ಮಂಟಪಕ್ಕೆ ಹೋಗಿ ಅಡುಗೆ ಕಾಂಟ್ರಾಕ್ಟರ್ ನಂಬರ್ ಕೇಳಿ. ಬಡಿಸುವ ಹುಡುಗರನ್ನು ಕರೆತರುವ ಮೇಸ್ತ್ರಿ ಒಬ್ಬರು ಇರುತ್ತಾರೆ, ಅವರ ಪರಿಚಯವಾದರೆ ಸಾಕು. ಬಿಳಿ ಶರ್ಟ್, ಕಪ್ಪು ಪ್ಯಾಂಟ್ ಇಟ್ಟುಕೊಳ್ಳಿ.

ಮೊದಲ ದಿನ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸುವ ಕೆಲಸ ಕೇಳಿಕೊಳ್ಳಿ. ಇವೆಲ್ಲ ಎಲೆಯ ಮೇಲ್ಭಾಗಕ್ಕೆ ಬರುತ್ತವೆ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ಸಾರು, ಸಾಂಬಾರಿನ ಬಕೆಟ್ ಭಾರ, ಬಿಸಿಯೂ ಜಾಸ್ತಿ. ನೆಲ ಒದ್ದೆಯಾದಾಗ ಜಾರಿ ಬೀಳುವುದು ಅಲ್ಲೇ. ಕೈ ಪಳಗಿದ ಮೇಲೆ ಅದನ್ನು ಹಿಡಿಯಿರಿ.

ಮೋಸವಾಗುವುದು ದುಡ್ಡಿನಲ್ಲಿ. ಕೂಲಿ ಊರಿಂದ ಊರಿಗೆ ಬೇರೆ. ಹಾಗಾಗಿ ಹೋಗುವ ಮೊದಲೇ ಕೇಳಿ: ಒಂದು ಹೊತ್ತಿಗೆ ಎಷ್ಟು? ತಿಂಡಿಗೂ ನಿಂತರೆ ಬೇರೆ ಕೊಡುತ್ತೀರಾ? ಅವತ್ತೇ ಕೈಗೆ ಕೊಡುತ್ತೀರಾ? ಉದಾಹರಣೆಗೆ ಹೊತ್ತಿಗೆ 500 ಒಪ್ಪಿ ಭಾನುವಾರ ಮಧ್ಯಾಹ್ನಕ್ಕೆ ಮಾತ್ರ ಹೋದರೆ ತಿಂಗಳಿಗೆ 2,000. ಬಸ್ಸಿನ ಖರ್ಚು ಕಳೆಯಿರಿ, ಊಟ ಅಲ್ಲೇ ಆಗುತ್ತದೆ. "ಮುಂದಿನ ವಾರ ಸೇರಿಸಿ ಕೊಡ್ತೀನಿ" ಎಂದು ಎರಡನೇ ಸಲ ಹೇಳಿದರೆ ಆ ಮೇಸ್ತ್ರಿಯನ್ನು ಬಿಟ್ಟುಬಿಡಿ.

ರಾತ್ರಿಯ ರಿಸೆಪ್ಷನ್ ಒಪ್ಪಬೇಡಿ. ಮುಗಿಯುವಷ್ಟರಲ್ಲಿ ಬಸ್ಸಿರುವುದಿಲ್ಲ, ಸೋಮವಾರದ ಕ್ಲಾಸೂ ಹಾಳು. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳು ತೀರಾ ಕಮ್ಮಿ, ಆ ತಿಂಗಳುಗಳ ಖರ್ಚಿಗೆ ಮೊದಲೇ ಸ್ವಲ್ಪ ತೆಗೆದಿಡಿ.